ಸುಣ್ಣ ಬಿದ್ದ ಕಣ್ಣಿಗೆ ಯಾವ ಕಾಂಡಕೋಶ? ಅಡಿಕೆಗೆ ಮದ್ದು ಬಿಡುವ ಊರಿನವರಿಗೊಂದು ಹೋಲಿಕೆ

ಮೇ ಕೊನೆಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ ಶುರುವಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿಗೆ ಎಲ್ಲರೂ ಹೆದರುತ್ತಾರೆ, ಸುಣ್ಣಕ್ಕೆ ಯಾರೂ ಹೆದರುವುದಿಲ್ಲ. ವೀಳ್ಯದೆಲೆಗೆ ಹಚ್ಚಿ ಬಾಯಿಗೇ ಹಾಕಿಕೊಳ್ಳುವ ವಸ್ತುವಲ್ಲವೇ! ಕಣ್ಣಿನ ಮಟ್ಟಿಗೆ ಮಾತ್ರ ಲೆಕ್ಕ ತಿರುಗುಮುರುಗು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸುವಾಗ ಎಗರಿದ ಒಂದು ಚೂರು ರೆಪ್ಪೆಯೊಳಗೆ ಸಿಕ್ಕಿಕೊಂಡರೆ, ಅದು ಕರಗುತ್ತಾ ಗಂಟೆಗಟ್ಟಲೆ ಕ್ಷಾರ ಬಿಡುತ್ತಲೇ ಇರುತ್ತದೆ. ಕ್ಷಾರವು ಜೀವಕೋಶದ ಪೊರೆಯ ಕೊಬ್ಬನ್ನು ಸಾಬೂನಾಗಿಸಿ ಒಳಕ್ಕಿಳಿಯುತ್ತದೆ. ಆಗ ಮಾಡಬೇಕಾದ್ದು ಒಂದೇ: ಹತ್ತಿರ ಯಾವ ಶುದ್ಧ ನೀರಿದೆಯೋ ಅದರಲ್ಲಿ ಅರ್ಧ ಗಂಟೆಯಾದರೂ ಬಿಡದೆ ತೊಳೆಯುವುದು, ಆಮೇಲೆ ಆಸ್ಪತ್ರೆಯಲ್ಲಿ ಮೇಲಿನ ರೆಪ್ಪೆ ಮಗುಚಿ ಚೂರು ತೆಗೆಸುವುದು. ತೊಳೆಯದೆ ಮೊದಲು ವಾಹನ ಹುಡುಕಲು ಓಡುವವರೇ ಹೆಚ್ಚು.

ನಾನು ಬರೆಯಹೊರಟಿರುವುದು ಅದರ ಮುಂದಿನ ಹಂತ. ಆರೆಂಟು ತಿಂಗಳಾಗಿದೆ, ಉರಿ ಇಳಿದಿದೆ, ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಕಟ್ಟಿ ಕೆಂಪು ರಕ್ತನಾಳ ಹರಿದಿದೆ. ಡಾಕ್ಟರು ‘ಸ್ಟೆಮ್ ಸೆಲ್ ಆಪರೇಶನ್ ಮಾಡಬಹುದು’ ಎಂದು ನಾಲ್ಕೈದು ಹೆಸರು ಹೇಳಿ ಕಳುಹಿಸಿದ್ದಾರೆ. ಯಾವುದನ್ನು ಆರಿಸುವುದು? ಕಾರ್ನಿಯಾ ವಿಭಾಗದ ಲ್ಯಾಬಿನಲ್ಲಿ ಕೋಶ ಬೆಳೆಸುವ ಕೆಲಸ ಮಾಡಿದವನಾದ್ದರಿಂದ ಊರಿಗೆ ಬಂದಾಗೆಲ್ಲ ಈ ಪ್ರಶ್ನೆ ನನ್ನ ಜಗಲಿಗೆ ಬರುತ್ತದೆ. ಉತ್ತರ ಇರುವುದು ಆಪರೇಶನ್ನಿನ ಹೆಸರಿನಲ್ಲಲ್ಲ, ಹಾಕುವ ಕೋಶ ಎಲ್ಲಿಯದು ಎಂಬುದರಲ್ಲಿ.

ಮೊದಲು ಹೋದದ್ದೇನು ಎಂದು ತಿಳಿಯೋಣ

ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ಮೇಲ್ಪದರ ಐದಾರು ಸಾಲು ಕೋಶಗಳಷ್ಟೇ ದಪ್ಪ. ಅದು ವಾರ, ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಹೊಸ ಕೋಶಗಳು ಬರುವುದು ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಸೇರುವ ಕಡೆ ಇರುವ ಸಪೂರ ಉಂಗುರದಿಂದ. ಇದಕ್ಕೆ ಲಿಂಬಸ್ ಎನ್ನುತ್ತಾರೆ. ನಮ್ಮಂಥ ಕಪ್ಪು ಬಣ್ಣದವರಲ್ಲಿ ಅಲ್ಲಿ ಕಂದು ಗೆರೆಗಳು ಸಾಲಾಗಿ ನಿಂತಿರುತ್ತವೆ, ಸ್ಲಿಟ್ ಲ್ಯಾಂಪಿನಲ್ಲಿ ಚೆನ್ನಾಗಿ ಕಾಣುತ್ತವೆ. ಆ ಗೆರೆಗಳ ಬುಡದಲ್ಲಿ ಕಾಂಡಕೋಶಗಳು, ಅಂದರೆ ಡಾಕ್ಟರು ಹೇಳಿದ ಸ್ಟೆಮ್ ಸೆಲ್‌ಗಳು, ಕೂತಿವೆ. ಒಂದು ಕೋಶ ಒಡೆದು ಎರಡಾದರೆ ಒಂದು ಅಲ್ಲೇ ಕಾಂಡಕೋಶವಾಗಿ ಉಳಿಯುತ್ತದೆ. ಇನ್ನೊಂದು ನಡುವಿನ ಕಡೆ ಸರಿಯುತ್ತಾ ಕೆಲವು ಸಲ ಒಡೆದು, ಪಾರದರ್ಶಕ ಕೋಶವಾಗಿ ಬಲಿತು, ಕಡೆಗೆ ಕಣ್ಣೀರಿನಲ್ಲಿ ಉದುರಿಹೋಗುತ್ತದೆ.

ಈ ಉಂಗುರ ಸುಟ್ಟುಹೋದರೆ ಕಾರ್ನಿಯಾಕ್ಕೆ ಹೊಸ ಕೋಶ ಬರುವುದಿಲ್ಲ. ಖಾಲಿ ಜಾಗಕ್ಕೆ ಬಿಳಿಗುಡ್ಡೆಯ ಮೇಲಿನ ಕಂಜಂಕ್ಟೈವಾ ಹಬ್ಬಿಕೊಳ್ಳುತ್ತದೆ. ಹಬ್ಬಿದರೂ ಅದು ಕಾರ್ನಿಯಾ ಆಗುವುದಿಲ್ಲ, ಲೋಳೆ ಸುರಿಸುವ ಕೋಶಗಳನ್ನೂ ರಕ್ತನಾಳಗಳನ್ನೂ ಜೊತೆಗೇ ತರುತ್ತದೆ.

ಏಕೆ ಆಗುವುದಿಲ್ಲ? ಕಂಜಂಕ್ಟೈವಾ, ರೆಪ್ಪೆಯ ಚರ್ಮ, ಕಾರ್ನಿಯಾ ಮೂರರ ಕೋಶಗಳಲ್ಲೂ ಇರುವುದು ಅದೇ ಡಿ.ಎನ್.ಎ., ಒಂದಕ್ಷರವೂ ಬೇರೆಯಲ್ಲ ಎನ್ನಬಹುದು. ಬೇರೆಯಿರುವುದು ಯಾವ ವಂಶವಾಹಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು. ಕೆರಟಿನ್ ಎಂಬ ಪ್ರೋಟೀನಿನಲ್ಲಿ ಹಲವು ಬಗೆಗಳಿವೆ; ಕಾರ್ನಿಯಾದಲ್ಲಿ ಕೆರಟಿನ್ 3 ಮತ್ತು 12ರ ವಂಶವಾಹಿಗಳು ತೆರೆದಿವೆ, ಚರ್ಮದಲ್ಲಿ ಕೆರಟಿನ್ 1 ಮತ್ತು 10. ಚರ್ಮದ ಕೋಶದಲ್ಲಿ ಕೆರಟಿನ್ 12ರ ವಂಶವಾಹಿ ಕಳೆದುಹೋಗಿಲ್ಲ. ಅಲ್ಲೇ ಇದೆ, ಆದರೆ ಮುಚ್ಚಿದೆ. ಕಾರ್ನಿಯಾದ ಕಡೆ ತೆರೆಯುವ ಮುಖ್ಯ ಕೀಲಿ ಪ್ಯಾಕ್ಸ್-6 ಎಂಬ ಪ್ರೋಟೀನು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲಿಂಬಸ್ಸಿನ ಕಾಂಡಕೋಶದಿಂದ ಪ್ಯಾಕ್ಸ್-6ನ್ನು ತಗ್ಗಿಸಿದಾಗ ಅದು ಚರ್ಮದ ಕೋಶದಂತೆ ಬಲಿಯಿತು. ಚರ್ಮದ ಕಾಂಡಕೋಶಕ್ಕೆ ಪ್ಯಾಕ್ಸ್-6 ಸೇರಿಸಿದಾಗ ಅದು ಕಾರ್ನಿಯಾದ ದಾರಿ ಹಿಡಿಯಿತು, ಗಾಯಗೊಂಡ ಮೊಲದ ಕಣ್ಣನ್ನು ಮುಚ್ಚಿಯೂ ಕೊಟ್ಟಿತು.

ಪ್ರಯೋಗಾಲಯದಲ್ಲಿ ವಂಶವಾಹಿ ಸೇರಿಸಿದಾಗ ಇದು ಸಾಧ್ಯವಾಯಿತು. ಹಾಗೇ ಬಿಟ್ಟ ಕೋಶ ತನ್ನ ಗುರುತನ್ನು ಬಿಡುವುದಿಲ್ಲ. ಒಡೆಯುವಾಗ ಮುಚ್ಚಿದ್ದನ್ನು ಮುಚ್ಚಿದಂತೆಯೇ ಮರಿಕೋಶಕ್ಕೆ ದಾಟಿಸುತ್ತದೆ. ಆದ್ದರಿಂದ ಕೆನ್ನೆಯ ಕೋಶವನ್ನು ಕಣ್ಣಿನ ಮೇಲೆ ಇಟ್ಟ ಮಾತ್ರಕ್ಕೆ ಅದು ಕಣ್ಣಿನದ್ದಾಗುವುದಿಲ್ಲ. ಮುಂದಿನ ಆಯ್ಕೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಬೇಡದ ಆಯ್ಕೆಯನ್ನು ಮೊದಲು ಬದಿಗಿಡಿ

‘ನೇತ್ರದಾನದಲ್ಲಿ ಬಂದ ಕಣ್ಣು ಹಾಕಿದರೆ ಆಗದೇ?’ ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ, ಕನಿಷ್ಠ ಮೊದಲ ಹೆಜ್ಜೆಯಾಗಿ ಖಂಡಿತ ಆಗುವುದಿಲ್ಲ. ಸಾಮಾನ್ಯ ಕಸಿಯಲ್ಲಿ ಹಾಕುವುದು ದಾನಿಯ ಕಾರ್ನಿಯಾದ ನಡುಭಾಗವನ್ನು. ಅದರಲ್ಲಿ ಲಿಂಬಸ್ ಇಲ್ಲ. ಮೊದಲ ಕೆಲವು ವಾರ ಕನ್ನಡಿಯಂತೆ ಹೊಳೆಯುತ್ತದೆ, ಮನೆಯವರೆಲ್ಲ ಸಂತೋಷಪಡುತ್ತಾರೆ. ದಾನಿಯ ಮೇಲ್ಪದರ ಸವೆದ ಮೇಲೆ ತುಂಬಲು ಕಾಂಡಕೋಶವಿಲ್ಲ, ಮತ್ತೆ ಅದೇ ಬಿಳಿ ಪೊರೆ. ಉಂಗುರ ಪೂರ್ತಿ ಸುಟ್ಟ ಕಣ್ಣಿಗೆ ನೇರವಾಗಿ ಕಾರ್ನಿಯಾ ಕಸಿ ಹೇಳುವವರಿದ್ದರೆ, ‘ಲಿಂಬಸ್ ಎಷ್ಟು ಗಂಟೆ ಉಳಿದಿದೆ?’ ಎಂದು ಕೇಳಿ. ಉಂಗುರವನ್ನು ಗಡಿಯಾರದಂತೆ ಹನ್ನೆರಡು ಗಂಟೆಯಾಗಿ ಎಣಿಸುವುದು ವಾಡಿಕೆ. ಫ್ಲೋರೆಸಿನ್ ಬಣ್ಣ ಹಾಕಿದಾಗ ಮೇಲ್ಪದರ ಚುಕ್ಕೆಚುಕ್ಕೆಯಾಗಿ ಬಣ್ಣ ಹೀರುವುದು, ಕಂದು ಗೆರೆಗಳು ಮಾಯವಾಗಿರುವುದು, ಅಂಚಿನಿಂದ ರಕ್ತನಾಳ ಒಳಬಂದಿರುವುದು ಇವೆಲ್ಲ ಸೇರಿ ಉತ್ತರ ಹೇಳುತ್ತವೆ. ಅನುಮಾನವಿದ್ದರೆ ಕಾರ್ನಿಯಾದ ಮೇಲಿಂದ ಕೋಶಗಳನ್ನು ಒತ್ತಿ ತೆಗೆದು ನೋಡುತ್ತಾರೆ. ಅಲ್ಲಿ ಲೋಳೆಕೋಶ ಸಿಕ್ಕರೆ ಆ ಜಾಗ ಕಂಜಂಕ್ಟೈವಾದ ಪಾಲಾಗಿದೆ ಎಂದರ್ಥ.

ಒಂದು ಕಣ್ಣು ಸುಟ್ಟಿದ್ದರೆ

ಒಂದು ಉದಾಹರಣೆ ಹಿಡಿದು ಹೋಗೋಣ. ನಲವತ್ತರ ಆಸುಪಾಸಿನ ಕೃಷಿಕ, ಬಲಗಣ್ಣಿಗೆ ಸುಣ್ಣ ಬಿದ್ದು ಎಂಟು ತಿಂಗಳು. ಹನ್ನೆರಡು ಗಂಟೆಯೂ ಹೋಗಿದೆ, ಮುಖದ ಮುಂದೆ ಕೈಯಾಡಿಸಿದರೆ ತಿಳಿಯುತ್ತದೆ, ಅಷ್ಟೇ. ಕೆಳರೆಪ್ಪೆ ಒಂದು ಕಡೆ ಗುಡ್ಡೆಗೆ ಅಂಟಿಕೊಂಡಿದೆ. ಎಡಗಣ್ಣು ಪೂರ್ತಿ ಸರಿಯಿದೆ. ಇಂಥವರಿಗೆ ಬೇಕಾದ ಗುರುತಿನ ಕೋಶ ಅವರ ಎಡಗಣ್ಣಿನಲ್ಲೇ ಇದೆ. ಸ್ವಂತದ್ದಾದ್ದರಿಂದ ದೇಹ ತಿರಸ್ಕರಿಸುವ ಪ್ರಶ್ನೆಯೂ ಇಲ್ಲ. ಅದನ್ನು ಸಾಗಿಸಲು ಮೂರು ದಾರಿಗಳಿವೆ.

ಹಳೆಯದು ಸಿ.ಎಲ್.ಎ.ಯು. 1989ರಲ್ಲಿ ಕೆನ್ಯನ್ ಮತ್ತು ಟ್ಸೆಂಗ್ ಇದನ್ನು ಪ್ರಕಟಿಸಿದರು. ಒಳ್ಳೆಯ ಕಣ್ಣಿನಿಂದ ಸುಮಾರು ಆರು ಗಂಟೆಯಷ್ಟು, ಅಂದರೆ ಅರ್ಧ ಉಂಗುರವನ್ನು, ಎರಡು ತುಂಡಾಗಿ ತೆಗೆದು ಇನ್ನೊಂದಕ್ಕೆ ಹೊಲಿಯುವುದು. ಫಲಿತಾಂಶ ಚೆನ್ನಾಗಿದೆ. ಆದರೆ ‘ಭಾವ, ಇದ್ದ ಒಂದು ಒಳ್ಳೆ ಕಣ್ಣಿಗೂ ಕತ್ತರಿ ಹಾಕ್ಸುದಾ?’ ಎಂಬ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಆ ಕಣ್ಣಿನಲ್ಲೂ ಹಿಂದೆ ಸ್ವಲ್ಪ ಕ್ಷಾರ ಸಿಡಿದು ಯಾರಿಗೂ ತಿಳಿಯದೆ ಕೊರತೆ ಆಗಿದ್ದರೆ, ಅರ್ಧ ತೆಗೆದಾಗ ಅದು ಬಯಲಿಗೆ ಬರುತ್ತದೆ. ಮದ್ದು ಬಿಡುವವರಲ್ಲಿ ಈ ಅನುಮಾನ ಇಟ್ಟುಕೊಳ್ಳುವುದೇ ಒಳ್ಳೆಯದು.

ಎರಡನೆಯದು ಕ್ಲೆಟ್. 1997ರಲ್ಲಿ ಇಟಲಿಯ ಪೆಲ್ಲೆಗ್ರಿನಿ ಮತ್ತು ಸಂಗಡಿಗರು ತೋರಿಸಿದ್ದು. ಅಕ್ಕಿಕಾಳಿಗಿಂತ ಚಿಕ್ಕ ತುಂಡು ತೆಗೆದು, ಲ್ಯಾಬಿನಲ್ಲಿ ಎರಡು ವಾರ ಹಾಳೆಯಾಗಿ ಬೆಳೆಸಿ, ಆಮೇಲೆ ಕಣ್ಣಿಗೆ ಹಾಸುವುದು. ಒಳ್ಳೆಯ ಕಣ್ಣಿಗೆ ಅಪಾಯ ಕಡಿಮೆ. ಆದರೆ ಬೆಳೆಸುವುದರಲ್ಲಿ ಒಂದು ತೊಡಕಿದೆ, ನಾನು ಹತ್ತಿರದಿಂದ ನೋಡಿದ್ದು. ತಟ್ಟೆಯ ತುಂಬ ಕೋಶ ಹಬ್ಬಿ ಹಾಳೆ ಸುಂದರವಾಗಿ ಕಾಣುತ್ತದೆ, ಅದರಲ್ಲಿ ಕಾಂಡಕೋಶ ಎಷ್ಟಿದೆ ಎಂದು ಬರಿಗಣ್ಣಿಗೆ ಹೇಳಲಾಗುವುದಿಲ್ಲ. ಬಹುಪಾಲು ಕೋಶಗಳು ಆಗಲೇ ಬಲಿಯುವ ದಾರಿ ಹಿಡಿದು ಕೆಲವೇ ಸಲ ಒಡೆಯುವಂಥವಾಗಿರಬಹುದು. ಪಿ63 ಎಂಬ ಪ್ರೋಟೀನು ಕೋಶಕೇಂದ್ರದಲ್ಲಿ ಪ್ರಖರವಾಗಿ ಹೊಳೆಯುವ ಕೋಶಗಳನ್ನು ಎಣಿಸಿ ಇದನ್ನು ಅಂದಾಜಿಸುತ್ತಾರೆ. 112 ರೋಗಿಗಳ ಮೇಲೆ ಇಟಲಿಯಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳವಣಿಗೆಯ ತಾಕತ್ತಿರುವ ಕೋಶಗಳ ಪೈಕಿ ಶೇ. 3ಕ್ಕಿಂತ ಹೆಚ್ಚು ಇಂಥವಿದ್ದರೆ ಶೇ. 78 ಕಣ್ಣುಗಳಲ್ಲಿ ಯಶಸ್ಸು. ಅದಕ್ಕಿಂತ ಕಡಿಮೆಯಿದ್ದರೆ ಶೇ. 11 ಮಾತ್ರ. ಹಾಳೆಯ ಅಗಲ ಮುಖ್ಯವಲ್ಲ, ಅದರೊಳಗಿನ ಆ ಚಿಕ್ಕ ಪಾಲು ಮುಖ್ಯ. ಕ್ಲೆಟ್‌ಗೆ ಎರಡು ಸಲ ಆಪರೇಶನ್, ದುಬಾರಿ ಶುದ್ಧ ಲ್ಯಾಬು ಬೇಕು. ಎಲ್ಲ ಕಡೆ ಸಿಗುವುದೂ ಇಲ್ಲ.

ಮೂರನೆಯದು ಸ್ಲೆಟ್. ಇದು ನಮ್ಮಲ್ಲೇ ಹುಟ್ಟಿದ್ದು: ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ವೀರೇಂದ್ರ ಸಾಂಗ್ವಾನ್ ಮತ್ತು ತಂಡ ರೂಪಿಸಿ 2012ರಲ್ಲಿ ಪ್ರಕಟಿಸಿದರು. ಒಳ್ಳೆಯ ಕಣ್ಣಿನಿಂದ ಎರಡು ಮಿಲಿಮೀಟರ್ ಚೌಕದ ತುಂಡು, ಅಂದರೆ ಒಂದು ಗಂಟೆಯಷ್ಟು ಜಾಗ. ಕೆಟ್ಟ ಕಣ್ಣಿನ ಪೊರೆಯನ್ನು ಸುಲಿದು, ಹೆರಿಗೆಯಲ್ಲಿ ಸಿಗುವ ಆಮ್ನಿಯಾನ್ ಪೊರೆಯನ್ನು ಫೈಬ್ರಿನ್ ಅಂಟಿನಿಂದ ಹಾಸುತ್ತಾರೆ. ತುಂಡನ್ನು ಎಂಟು ಹತ್ತು ಚೂರು ಮಾಡಿ, ನೋಟದ ನಡುಜಾಗ ಬಿಟ್ಟು, ನೇಜಿ ನೆಟ್ಟ ಹಾಗೆ ಸುತ್ತಲೂ ಅಂತರ ಕೊಟ್ಟು ಕೂರಿಸುತ್ತಾರೆ. ಮೇಲೆ ಒಂದು ಕಾಂಟ್ಯಾಕ್ಟ್ ಲೆನ್ಸ್. ಒಂದೇ ಸಲದಲ್ಲಿ ಮುಗಿಯಿತು, ಲ್ಯಾಬು ಬೇಡ. ಬೆಳೆಸುವ ಕೆಲಸವನ್ನು ಕಣ್ಣೇ ಮಾಡುತ್ತದೆ. ನನ್ನಂಥವರ ಹೊಟ್ಟೆಯ ಮೇಲೆ ಹೊಡೆದ ವಿಧಾನ ಇದು. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕಲ್ಲ.

ಯಾವುದು ಮೇಲು? ಸಾವಿರಕ್ಕೂ ಮಿಕ್ಕ ಕಣ್ಣುಗಳ ವರದಿಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಮೇಲ್ಪದರ ಸ್ಥಿರವಾಗಿ ನಿಂತದ್ದು ಸಿ.ಎಲ್.ಎ.ಯು.ನಲ್ಲಿ ಸುಮಾರು ಶೇ. 81, ಸ್ಲೆಟ್‌ನಲ್ಲಿ ಶೇ. 78, ಕ್ಲೆಟ್‌ನಲ್ಲಿ ಶೇ. 61. ಇವು ಬೇರೆ ಬೇರೆ ಊರಿನ, ಬೇರೆ ಬೇರೆ ಗಾಯದ ಕಣ್ಣುಗಳು. ಮೂರನ್ನೂ ಚೀಟಿ ಎತ್ತಿ ಹೋಲಿಸಿದ ಲೆಕ್ಕವಲ್ಲ. ಆದರೂ ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ಉದಾಹರಣೆಯ ಕೃಷಿಕರಿಗೆ ಸ್ಲೆಟ್. ನೂರಕ್ಕೆ ಮೂರರಷ್ಟು ಹೆಚ್ಚಿನ ಯಶಸ್ಸಿಗಾಗಿ ಒಳ್ಳೆಯ ಕಣ್ಣಿನ ಅರ್ಧ ಉಂಗುರ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಗುಡ್ಡೆಗೆ ರೆಪ್ಪೆ ಬಹಳವಾಗಿ ಅಂಟಿ, ಕಂಜಂಕ್ಟೈವಾದ ಜಾಗವೇ ಇಲ್ಲದಂತಾಗಿದ್ದರೆ ಮಾತು ಬೇರೆ. ಆಗ ಉಂಗುರದ ಜೊತೆ ಕಂಜಂಕ್ಟೈವಾವನ್ನೂ ತರುವ ಸಿ.ಎಲ್.ಎ.ಯು.ಗೆ, ಅಥವಾ ಸ್ಲೆಟ್ ಜೊತೆ ಕಂಜಂಕ್ಟೈವಾದ ತುಂಡು ಸೇರಿಸುವುದಕ್ಕೆ ಅರ್ಥವಿದೆ. ಇವರದ್ದು ಒಂದೇ ಕಡೆ ಅಂಟಿದೆ, ಬಿಡಿಸಿಕೊಂಡು ಮುಂದುವರಿಯಬಹುದು.

ಯಾವ ದಾರಿಯಾದರೂ ಎರಡು ಷರತ್ತುಗಳಿವೆ. ಉರಿಯೂತ ಇಳಿದಿರಬೇಕು, ಕೆಂಪಗೆ ಉರಿಯುವ ಕಣ್ಣಿಗೆ ಅವಸರದಲ್ಲಿ ನೆಟ್ಟ ಕಾಂಡಕೋಶ ಸಾಯುತ್ತದೆ. ಕಣ್ಣೀರೂ ಬೇಕು. ಸುಟ್ಟ ಕಣ್ಣು ಪೂರ್ತಿ ಒಣಗಿದ್ದರೆ ಸ್ಲೆಟ್ ಮಾಡಿ ಪ್ರಯೋಜನವಿಲ್ಲ. ರೆಪ್ಪೆ ಒಳಮಡಿಚಿ ಕೂದಲು ಉಜ್ಜುತ್ತಿದ್ದರೆ ಅದನ್ನು ಮೊದಲು ಸರಿಮಾಡಿಸಬೇಕು.

ಎರಡೂ ಕಣ್ಣು ಹೋಗಿದ್ದರೆ

ಇಲ್ಲಿ ಆಯ್ಕೆ ಕಷ್ಟದ್ದು, ಏಕೆಂದರೆ ಸರಿಯಾದ ಗುರುತು ಮತ್ತು ಸ್ವಂತ ಕೋಶ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಅಣ್ಣ ತಮ್ಮಂದಿರದೋ ತೀರಿಕೊಂಡ ದಾನಿಯದೋ ಲಿಂಬಸ್ ಹಾಕಿದರೆ ಗುರುತು ಸರಿ: ಪ್ಯಾಕ್ಸ್-6 ಇದೆ, ಕೆರಟಿನ್ 12 ಮಾಡುತ್ತದೆ. ಆದರೆ ದೇಹ ಅದನ್ನು ಪರಕೀಯವೆಂದು ಹೊಡೆಯುತ್ತದೆ. ಕಾರ್ನಿಯಾದ ನಡುವೆ ರಕ್ತನಾಳವಿಲ್ಲದ್ದರಿಂದ ಅಲ್ಲಿನ ಕಸಿ ಬಹಳ ಸಲ ಬಚಾವಾಗುತ್ತದೆ. ಲಿಂಬಸ್ ರಕ್ತನಾಳಗಳ ಮಗ್ಗುಲಲ್ಲೇ ಇದೆ. ಹಾಗಾಗಿ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಬೇಕು, ಕಿಡ್ನಿ, ಲಿವರ್, ಸಕ್ಕರೆ, ಬಿ.ಪಿ. ನೋಡಿಸುತ್ತಿರಬೇಕು. ಈ ಮಾತ್ರೆ ಎಡೆಯಲ್ಲಿ ನಿಂತರೆ ಕಸಿಯೂ ಹೋಗುತ್ತದೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರನ್ನು ನಂಬಿದ ಕಾಸರಗೋಡಿನ ರೋಗಿಗಳು ಹೇಗೆ ಒದ್ದಾಡಿದರೆಂದು ನಾವು ಕಂಡಿದ್ದೇವೆ. ಈ ದಾರಿ ಹಿಡಿಯುವವರು ಮಾತ್ರೆ ಮತ್ತು ರಕ್ತಪರೀಕ್ಷೆ ಗಡಿಯ ಈಚೆಗೂ ಸಿಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಲಿ.

ಕೆನ್ನೆಯ ಒಳಗಿನ ಪೊರೆಯನ್ನು ಲ್ಯಾಬಿನಲ್ಲಿ ಬೆಳೆಸಿ ಹಾಸುವ ಕೊಮೆಟ್ ವಿಧಾನವನ್ನು ಜಪಾನಿನ ನಿಶಿದಾ ತಂಡ 2004ರಲ್ಲಿ ಪ್ರಕಟಿಸಿತು. ಸ್ವಂತ ಕೋಶ, ಮಾತ್ರೆ ಬೇಡ. ಆದರೆ ಮೇಲೆ ಹೇಳಿದ ಹಾಗೆ ಕೆನ್ನೆಯ ಕೋಶ ಕೆನ್ನೆಯದ್ದಾಗಿಯೇ ಉಳಿಯುತ್ತದೆ. ಮೇಲ್ಮೈ ಮುಚ್ಚುತ್ತದೆ, ನೋವು ಇಳಿಯುತ್ತದೆ, ರೆಪ್ಪೆ ಅಂಟುವುದು ನಿಲ್ಲುತ್ತದೆ. ಅಂಚಿನಲ್ಲಿ ರಕ್ತನಾಳ ಬರುವುದು ಮಾತ್ರ ಸಾಮಾನ್ಯ, ಗಾಜಿನಂಥ ತಿಳಿ ಬರುವುದಿಲ್ಲ. ನೋಟಕ್ಕಿಂತ ಮೇಲ್ಮೈ ಸ್ಥಿರವಾಗುವುದೇ ಗುರಿಯಾದವರಿಗೆ, ಮಾತ್ರೆ ತಡೆಯಲಾರದ ವಯಸ್ಸಾದವರಿಗೆ ಇದು ಒಳ್ಳೆಯದು.

ಹುಟ್ಟಿನಿಂದಲೇ ಪ್ಯಾಕ್ಸ್-6ರ ಒಂದು ಪ್ರತಿ ಕೆಟ್ಟಿರುವ ಅನಿರಿಡಿಯಾ ಕಾಯಿಲೆಯವರಿಗೂ ಕಾಲಕ್ರಮೇಣ ಇದೇ ಬಿಳಿ ಪೊರೆ ಬರುತ್ತದೆ. ಅವರಲ್ಲಿ ಸ್ವಂತ ಲಿಂಬಸ್ ಉಳಿದಿದ್ದರೂ ಅದರ ಕೀಲಿಯೇ ಅರ್ಧ ಮುರಿದದ್ದು. ಎರಡೂ ಕಣ್ಣಿನ ಕೋಶ ಒಂದೇ ದೋಷ ಹೊತ್ತಿರುವುದರಿಂದ ಸ್ಲೆಟ್ ಅವರಿಗೆ ಲೆಕ್ಕಕ್ಕಿಲ್ಲ, ದಾನಿಯ ಕೋಶವೇ ಬೇಕು.

ಇನ್ನು ಪೇಪರಿನಲ್ಲಿ ಓದಿ ಕೇಳುವ ‘ಐ.ಪಿ.ಎಸ್.’ ಕೋಶ. ಜಪಾನಿನ ವಿಜ್ಞಾನಿ ಯಮನಾಕಾ 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯನಲ್ಲಿ, ನಾಲ್ಕು ಪ್ರೋಟೀನುಗಳಿಂದ ಬಲಿತ ಕೋಶದ ಮುಚ್ಚಿದ್ದೆಲ್ಲ ತೆರೆಸಿ ಭ್ರೂಣದ ಸ್ಥಿತಿಗೆ ತಂದರು. ಅಂಥ ಕೋಶವನ್ನು ತಟ್ಟೆಯಲ್ಲಿ ಹರಡಿ ಕೆಲವು ವಾರ ಬಿಟ್ಟರೆ ಅದು ತಾನಾಗಿ ನಾಲ್ಕು ಸುತ್ತುಗಳಾಗುತ್ತದೆ. ಒಳಗಿನಿಂದ ಮೂರನೆಯ ಸುತ್ತಿನಲ್ಲಿ ಕಾರ್ನಿಯಾದ ಪೂರ್ವಜ ಕೋಶಗಳು ಸಿಗುತ್ತವೆ. ಒಸಾಕಾದಲ್ಲಿ ಹೀಗೆ ದಾನಿಯ ಕೋಶದಿಂದ ಬೆಳೆಸಿದ ಹಾಳೆಯನ್ನು ನಾಲ್ವರಿಗೆ ಹಾಕಿದ ವರದಿ 2024ರಲ್ಲಿ ಬಂತು. ನಾಲ್ವರೆಂದರೆ ನಾಲ್ವರೇ. ಇಂದು ನಿಮ್ಮ ಮುಂದಿರುವ ಆಯ್ಕೆಗಳಲ್ಲಿ ಅದಿಲ್ಲ, ಅದಕ್ಕಾಗಿ ಕಾಯುವುದೂ ಬೇಡ.

ಇಂಜೆಕ್ಷನ್ ಎಂದರೆ ಎದ್ದು ಬನ್ನಿ

ಹೊಟ್ಟೆಯ ಕೊಬ್ಬಿನಿಂದ ಕಾಂಡಕೋಶ ತೆಗೆದು ಕಣ್ಣಿಗೆ ಚುಚ್ಚುತ್ತೇವೆ ಎನ್ನುವ ಜಾಹೀರಾತು ಫೋನಿಗೆ ಬರುತ್ತಿರುತ್ತದೆ. ಕೊಬ್ಬಿನಲ್ಲಿ ಸಿಗುವ ಕಾಂಡಕೋಶ ಕೊಬ್ಬು, ಎಲುಬು, ಮೃದ್ವಸ್ಥಿಯ ದಾರಿಯದು. ಕಾರ್ನಿಯಾದ ಮೇಲ್ಪದರದ ಗುರುತು ಅದಕ್ಕಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಅಕ್ಷಿಪಟಲದ ಕಾಯಿಲೆಗೆ ಹೀಗೆ ಎರಡೂ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ತೀವ್ರವಾಗಿ ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಯಾವ ಕೋಶ, ಎಲ್ಲಿಯದು, ಏನಾಗಿ ಬಲಿಯುತ್ತದೆ ಎಂಬ ಮೂರಕ್ಕೆ ಉತ್ತರ ಕೊಡದವರ ಹತ್ತಿರ ಕಣ್ಣು ಕೊಡಬೇಡಿ.

ನೆಟ್ಟ ಮೇಲೆ

ಸ್ಲೆಟ್ ಆದ ನಮ್ಮ ಕೃಷಿಕರ ವಿಷಯಕ್ಕೆ ಮರಳುತ್ತೇನೆ. ಮೊದಲ ದಿನಗಳಲ್ಲೇ ಬಣ್ಣ ಹಾಕಿ ನೋಡಿದರೆ ಪ್ರತಿ ಚೂರಿನ ಸುತ್ತ ಬಣ್ಣ ಹಿಡಿಯದ ವೃತ್ತ ಅಗಲವಾಗುತ್ತಾ ಹೋಗುವುದು ಕಾಣಬೇಕು. ಸುಮಾರು ಎರಡು ವಾರಕ್ಕೆ ವೃತ್ತಗಳು ಒಂದಾಗಿ ಮೇಲ್ಮೈ ಮುಚ್ಚುತ್ತದೆ. ಚೂರು ಉದುರಿದ್ದರೆ ಆ ಜಾಗ ಬರಿದಾಗಿ ಉಳಿಯುತ್ತದೆ. ಕಣ್ಣು ಉಜ್ಜಿದರೆ ಆಗುವುದು ಇದೇ. ಎಡಗಣ್ಣಿನ ಗಾಯ ವಾರ, ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಸೋಲು ಬರುವುದಾದರೆ ಸಾಮಾನ್ಯವಾಗಿ ತಿಂಗಳುಗಳ ನಂತರ, ಹಿಂದೆ ರೆಪ್ಪೆ ಅಂಟಿದ್ದ ಕಡೆಯಿಂದಲೇ ಒಂದು ರಕ್ತನಾಳ ಅಂಚು ದಾಟುವುದರೊಂದಿಗೆ ಶುರುವಾಗುತ್ತದೆ. ಆ ಹಂತದಲ್ಲೇ ಆಸ್ಪತ್ರೆಗೆ ಹೋದರೆ ಆ ಭಾಗವನ್ನಷ್ಟೇ ಸರಿಪಡಿಸಬಹುದು, ಬೇಕಾದರೆ ಸ್ಲೆಟ್ ಮತ್ತೊಮ್ಮೆಯೂ ಆದೀತು; ಒಳ್ಳೆಯ ಕಣ್ಣಿನಲ್ಲಿ ಇನ್ನೂ ಹನ್ನೊಂದು ಗಂಟೆಯ ಉಂಗುರ ಉಳಿದಿರುತ್ತದಲ್ಲ.

ಮೇಲ್ಪದರ ನಿಂತರೂ ನೋಟ ಪೂರ್ತಿ ಬರದೆ ಇರಬಹುದು. ಕ್ಷಾರ ಆಳಕ್ಕಿಳಿದು ಒಳಪದರ ಕಲೆಗಟ್ಟಿದ್ದರೆ ಕಾಂಡಕೋಶ ಅದನ್ನು ತಿಳಿಯಾಗಿಸಲಾರದು. ನೇತ್ರದಾನದ ಕಾರ್ನಿಯಾ ಬೇಕಾಗುವುದು ಈ ಹಂತದಲ್ಲಿ: ವರ್ಷದಷ್ಟು ಕಾದು, ರಕ್ತನಾಳ ಮರಳಿಲ್ಲವೆಂದು ಖಚಿತವಾದ ಮೇಲೆ. ಸುಣ್ಣದ ಜೊತೆ ಒಳಗಿನ ಒತ್ತಡವೂ ಏರಿ ಕಣ್ಣಿನ ನರವೇ ಸೊರಗಿದ್ದರೆ ಆ ಕಸಿಯೂ ವ್ಯರ್ಥ. ಹಾಗಾಗಿ ಸ್ಲೆಟ್‌ಗೆ ಮೊದಲೇ ಒತ್ತಡ ಅಳೆಸಿ, ಟಾರ್ಚ್ ಹಾಕಿದಾಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಆ ಕಣ್ಣು ಗುರುತಿಸುತ್ತದೆಯೇ ಎಂದು ಪರೀಕ್ಷಿಸಿ ಬರೆಸಿಕೊಳ್ಳಿ.